ಜನ್ಮದಿನಾಂಕದ ಬೀಗ

ವಿಮಾ ಕಚೇರಿಗಳ ಆಂತರಿಕ ಸುತ್ತೋಲೆಗಳಲ್ಲಿ ಮತ್ತೆ ಮತ್ತೆ ಕಾಣುವ ಸೂಚನೆ ಒಂದಿದೆ: ಗ್ರಾಹಕರ ವೈದ್ಯಕೀಯ ದಾಖಲೆಗಳನ್ನು ಇಮೇಲ್‌ನಲ್ಲಿ ಕಳಿಸುವಾಗ ಪಾಸ್‌ವರ್ಡ್ ಹಾಕತಕ್ಕದ್ದು. ಕ್ಲೇಮ್ ವಿಭಾಗದವರು ಅದನ್ನು ಪಾಲಿಸುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯನ್ನು ಪಿಡಿಎಫ್ ಮಾಡಿ ರೋಗಿಯ ಜನ್ಮದಿನಾಂಕವನ್ನೇ ಪಾಸ್‌ವರ್ಡ್ ಆಗಿ ಕೊಟ್ಟು, ‘ಪಾಸ್‌ವರ್ಡ್ ನಿಮ್ಮ ಹುಟ್ಟಿದ ದಿನಾಂಕ’ ಎಂದು ಮೇಲ್‌ನಲ್ಲೇ ಬರೆದು ಕಳಿಸುತ್ತಾರೆ. ಸುತ್ತೋಲೆಯ ಮಾತು ನಡೆಯಿತು. ಗುಟ್ಟು ಉಳಿಯಿತೇ ಎಂದು ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

ಎಂಟು ಅಂಕಿ ಎಂದರೆ ನೋಡಲು ಹತ್ತು ಕೋಟಿ ಸಾಧ್ಯತೆಗಳು. ಆದರೆ ಹದಿಮೂರನೇ ತಿಂಗಳಿಲ್ಲ, ಮೂವತ್ತೆರಡನೇ ತಾರೀಕಿಲ್ಲ. ನೂರು ವರ್ಷಗಳಲ್ಲಿ ಬರುವ ದಿನಗಳು ಹೆಚ್ಚುಕಡಿಮೆ 36,525 ಮಾತ್ರ. ಸಾಧಾರಣ ಕಂಪ್ಯೂಟರೊಂದು ಸೆಕೆಂಡಿಗೆ ಬರೀ ಸಾವಿರ ದಿನಾಂಕ ಹಾಕಿ ನೋಡುತ್ತದೆ ಎಂದುಕೊಂಡರೂ 37 ಸೆಕೆಂಡಿನೊಳಗೆ ಕಡತ ತೆರೆದುಕೊಳ್ಳುತ್ತದೆ. ಮೇಲ್‌ನಲ್ಲಿ ‘ರೋಗಿಯ ವಯಸ್ಸು 45’ ಎಂದಿದ್ದರಂತೂ ನೋಡಬೇಕಾದ ದಿನಾಂಕಗಳು ಸುಮಾರು 365ಕ್ಕೆ ಇಳಿಯುತ್ತವೆ. ಅರ್ಧ ಸೆಕೆಂಡೂ ಬೇಕಿಲ್ಲ. ಕೆಲವರು ಹೆಸರಿನ ಮೊದಲ ನಾಲ್ಕು ಅಕ್ಷರ ಸೇರಿಸುತ್ತಾರೆ. ಹೆಸರು ಅದೇ ಮೇಲ್‌ನಲ್ಲಿರುವಾಗ ಆ ಅಕ್ಷರಗಳಿಂದ ಲೆಕ್ಕ ಒಂದಿಷ್ಟೂ ಬದಲಾಗದು.

ಇಲ್ಲಿ ಗೂಢಲಿಪಿಯ ಗಣಿತ ಸೋತಿಲ್ಲ. ಈಗಿನ ಪಿಡಿಎಫ್‌ಗಳು ಬಳಸುವ ಎಇಎಸ್ ಪದ್ಧತಿಯನ್ನು ನೇರವಾಗಿ ಮುರಿಯುವ ದಾರಿ ಯಾರಿಗೂ ಗೊತ್ತಿಲ್ಲ. ಕಳ್ಳ ಆ ಗೋಡೆಯ ತಂಟೆಗೇ ಹೋಗದೆ ಕೀಲಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾನೆ. ಎಟಿಎಂನಲ್ಲಿ ಕೆಲವು ಸಲ ತಪ್ಪು ಪಿನ್ ಒತ್ತಿದರೆ ಕಾರ್ಡ್ ಬ್ಲಾಕ್ ಆಗುತ್ತದೆ, ಏಕೆಂದರೆ ಆಚೆ ಬದಿಯಲ್ಲಿ ಬ್ಯಾಂಕು ಲೆಕ್ಕ ಇಡುತ್ತಿರುತ್ತದೆ. ಕೈಗೆ ಸಿಕ್ಕ ಪಿಡಿಎಫ್‌ಗೆ ಹಾಗೆ ಲೆಕ್ಕ ಇಡುವವರಿಲ್ಲ. ಅದೇ ಇಂಗ್ಲಿಷಿನ ಸಣ್ಣಕ್ಷರ, ಅಂಕಿಗಳನ್ನು ಕಂಪ್ಯೂಟರಿನಿಂದಲೇ ಗೊತ್ತುಗುರಿಯಿಲ್ಲದೆ ಆರಿಸಿ ಹನ್ನೆರಡರ ಸರಣಿ ಮಾಡಿದರೆ, ಸೆಕೆಂಡಿಗೆ ಒಂದು ಕೋಟಿ ಸಲ ಯತ್ನಿಸುವ ಯಂತ್ರಕ್ಕೂ ಎಲ್ಲ ಸಾಧ್ಯತೆಗಳನ್ನು ನೋಡಿ ಮುಗಿಸಲು ಹದಿನೈದು ಸಾವಿರ ವರ್ಷ ಬೇಕು. ಆ ಸರಣಿಯನ್ನು ಎರಡನೇ ಮೇಲ್‌ನಲ್ಲಿ ಕಳಿಸುವ ರೂಢಿ ಮಾತ್ರ ವ್ಯರ್ಥ. ಮೊದಲ ಮೇಲ್ ಸಿಕ್ಕವನಿಗೆ ಎರಡನೆಯದೂ ಅದೇ ಪೆಟ್ಟಿಗೆಯಲ್ಲಿ ಸಿಗುತ್ತದೆ. ಎಸ್‌ಎಂಎಸ್ ಅಥವಾ ಫೋನ್ ಕರೆಯ ದಾರಿ ಬೇರೆ.

ಕಡತ ಯಾರ ಕೈಗೆ, ಎಲ್ಲಿ ಸಿಗುತ್ತದೆ? ದಾರಿಯಲ್ಲಿ ಕದಿಯುತ್ತಾರೆ ಎಂಬ ಭಯ ಹಳೆಯದು. ಈಗ ದೊಡ್ಡ ಮೇಲ್ ಸರ್ವರ್‌ಗಳು ಸಾಮಾನ್ಯವಾಗಿ ತಮ್ಮ ನಡುವಿನ ಸಂಪರ್ಕವನ್ನು ಗೂಢಲಿಪಿಯಲ್ಲೇ ನಡೆಸುತ್ತವೆ. ಆ ರಕ್ಷಣೆ ಸರ್ವರ್‌ನಿಂದ ಸರ್ವರ್‌ಗೆ ಅಷ್ಟೆ. ತಲುಪಿದ ಮೇಲೆ ಮೇಲ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಸಂದು ಬೀಳುವುದು ಅಲ್ಲೇ: ಮೊದಲೆರಡು ಅಕ್ಷರ ಒತ್ತುವಷ್ಟರಲ್ಲಿ ತಂತ್ರಾಂಶವೇ ತುಂಬಿಕೊಟ್ಟ ಇನ್ನೊಬ್ಬರ ವಿಳಾಸ, ಕೆಲಸ ಬಿಟ್ಟು ಹೋದವರ ಫೋನಿನಲ್ಲಿ ಉಳಿದ ಪ್ರತಿ, ಫಾರ್ವರ್ಡ್ ಮಾಡಿದ ಸರಪಳಿಯ ತಳದಲ್ಲಿ ಕೂತ ಹಳೆಯ ವರದಿ.

ಅಂಥ ತಪ್ಪು ಕೈಗೆ ಸಿಕ್ಕಾಗ, ಕಡತ ತೆರೆಯದಿದ್ದರೂ ಓದಲು ಒಂದಿಷ್ಟು ಇರುತ್ತದೆ. ಪಾಸ್‌ವರ್ಡ್ ಕಡತದ ಒಳಗನ್ನು ಮುಚ್ಚುತ್ತದೆ, ಹೆಸರನ್ನಲ್ಲ. ‘ಎಚ್‌ಐವಿ ರಿಪೋರ್ಟ್’ ಎಂದು ಹೆಸರಿಟ್ಟ ಕಡತಕ್ಕೆ ಎಂಥ ಬೀಗ ಹಾಕಿದರೇನು? ಪಾಸ್‌ವರ್ಡ್ ಹಾಕಿದ ಸಾಮಾನ್ಯ ಜಿಪ್ ಕೂಡ ತನ್ನೊಳಗಿನ ಕಡತಗಳ ಹೆಸರುಗಳನ್ನು ಪಾಸ್‌ವರ್ಡ್ ಕೇಳದೆಯೇ ಪಟ್ಟಿಮಾಡಿ ತೋರಿಸುತ್ತದೆ. ಮೇಲ್‌ನ ಸಬ್ಜೆಕ್ಟ್ ಸಾಲಂತೂ ಲಾಕ್ ಆದ ಮೊಬೈಲಿನ ಪರದೆಯ ಮೇಲೂ ಮೂಡಬಹುದು. ಕಾಯಿಲೆಯ ಹೆಸರಿನ ಬದಲು B20 ಎಂಬ ರೋಗಸಂಕೇತ ಬರೆದು ಸಮಾಧಾನಪಡುವವರಿದ್ದಾರೆ. ಅದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎಚ್‌ಐವಿಯ ಸಂಕೇತ, ಹುಡುಕಿದವರಿಗೆ ಕ್ಷಣದಲ್ಲಿ ಸಿಗುತ್ತದೆ. ಅಮೆರಿಕದ ಏಟ್ನಾ ವಿಮಾ ಕಂಪನಿ 2017ರ ಜುಲೈನಲ್ಲಿ ಸುಮಾರು 12,000 ಗ್ರಾಹಕರಿಗೆ ಕಾಗದದ ಪತ್ರ ಕಳಿಸಿತ್ತು. ಲಕೋಟೆಯ ಪಾರದರ್ಶಕ ಕಿಟಕಿಯಲ್ಲಿ ವಿಳಾಸದ ಕೆಳಗೆ ಎಚ್‌ಐವಿ ಔಷಧಿಯ ವಿಷಯವೂ ಇಣುಕುತ್ತಿತ್ತು. ಲಕೋಟೆ ಅಂಟಿಸಿಯೇ ಇತ್ತು. ಇದರ ವಿರುದ್ಧ ಗ್ರಾಹಕರು ಹೂಡಿದ ದಾವೆ ಸುಮಾರು 1.7 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ನಮ್ಮಲ್ಲೂ 2017ರ ಎಚ್‌ಐವಿ-ಏಡ್ಸ್ ಕಾಯ್ದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಈ ಮಾಹಿತಿ ಬಿಟ್ಟುಕೊಡುವುದನ್ನು ನಿಷೇಧಿಸುತ್ತದೆ. ಹಾಗಾಗಿ ಮೇಲ್‌ನ ಸಬ್ಜೆಕ್ಟಿನಲ್ಲಿ ಕ್ಲೇಮ್ ಸಂಖ್ಯೆಯೊಂದಿದ್ದರೆ ಸಾಕು.

ಇಷ್ಟು ಒಬ್ಬ ರೋಗಿಯ ಕಾಗದದ ಮಾತು. ನನ್ನ ದೃಷ್ಟಿಯಲ್ಲಿ ಇನ್ನೂ ಎಚ್ಚರ ಬೇಕಾದದ್ದು ಗುಂಪು ವಿಮೆಯ ಎಕ್ಸೆಲ್ ಹಾಳೆಗೆ, ಏಕೆಂದರೆ ಅದು ಸರಿಯಾದ ವಿಳಾಸಕ್ಕೇ ಹೋಗಿ ಗುಟ್ಟು ಬಿಡುತ್ತದೆ. ಬೆಂಗಳೂರಿನಲ್ಲಿ ಅರವತ್ತು ಜನರ ಒಂದು ಕಂಪನಿ ಇದೆ ಎನ್ನಿ. ಪಾಲಿಸಿ ನವೀಕರಣದ ಹೊತ್ತಿಗೆ ಅಲ್ಲಿನ ಎಚ್‌ಆರ್ ವಿಭಾಗಕ್ಕೆ ವಿಮೆಯವರಿಂದ ವರ್ಷದ ಕ್ಲೇಮ್ ವರದಿ ಹೋಗುತ್ತದೆ. ಸಿಬ್ಬಂದಿ ಮೂಲ ಹಾಳೆ ಅಳಿಸಿ, ಕಾಯಿಲೆವಾರು ಸಂಖ್ಯೆಗಳ ಪಿವೊಟ್ ಟೇಬಲ್ ಮಾತ್ರ ಉಳಿಸಿ ಕಳಿಸುತ್ತಾರೆ. ಎಚ್‌ಆರ್‌ನವರು ‘ಹೃದ್ರೋಗ’ದ ಮುಂದಿನ 3ರ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತಾರೆ. ಹೊಸ ಹಾಳೆಯೊಂದು ತೆರೆದು ಮೂರು ಸಾಲುಗಳು ನಿಲ್ಲುತ್ತವೆ, ಹೆಸರು ಸಮೇತ! ಪಿವೊಟ್ ತನ್ನ ಲೆಕ್ಕಕ್ಕಾಗಿ ಮೂಲ ದತ್ತಾಂಶದ ಪೂರ್ತಿ ನಕಲನ್ನು ಕಡತದೊಳಗೇ ಇಟ್ಟುಕೊಂಡಿರುತ್ತದೆ. ಅದರ ಆಯ್ಕೆಗಳಲ್ಲಿ Save source data with file ಎಂಬುದರ ಟಿಕ್ ತೆಗೆದು ಉಳಿಸಬೇಕು; ಅದಕ್ಕಿಂತ ಸುಲಭವೆಂದರೆ ಅಂಕಿಗಳನ್ನಷ್ಟೇ ಹೊಸ ಕಡತಕ್ಕೆ ಮೌಲ್ಯಗಳಾಗಿ ಅಂಟಿಸಿ ಕಳಿಸುವುದು.

ಹೆಸರಿನ ಕಾಲಂ ಮೊದಲೇ ತೆಗೆದಿದ್ದರೆ? 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ವಿಮೆ ನೋಡಿಕೊಳ್ಳುವ ಆಯೋಗ ಹಾಗೆಯೇ ಮಾಡಿ ಆಸ್ಪತ್ರೆ ದಾಖಲೆಗಳನ್ನು ಸಂಶೋಧಕರಿಗೆ ಕೊಟ್ಟಿತ್ತು. ಅದರಲ್ಲಿ ಹೆಸರಿರಲಿಲ್ಲ, ಜನ್ಮದಿನಾಂಕ, ಲಿಂಗ, ಪಿನ್‌ಕೋಡ್ ಇದ್ದವು. ಆಗ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಇಪ್ಪತ್ತು ಡಾಲರ್ ಕೊಟ್ಟು ಕೇಂಬ್ರಿಜ್ ಊರಿನ ಮತದಾರರ ಪಟ್ಟಿ ಕೊಂಡರು. ರಾಜ್ಯಪಾಲ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಜನ, ಅವರಲ್ಲಿ ಗಂಡಸರು ಮೂವರು, ವೆಲ್ಡ್ ಅವರ ಪಿನ್‌ಕೋಡಿನಲ್ಲಿದ್ದವರು ಅವರೊಬ್ಬರೇ. ಅವರ ದಾಖಲೆ ಸಿಕ್ಕಿಬಿಟ್ಟಿತು.

ಅರವತ್ತು ಜನರ ಕಂಪನಿಯಲ್ಲಿ ಮತದಾರರ ಪಟ್ಟಿಯೂ ಬೇಡ. ‘ಮಹಿಳೆ, 36–45, ಮಾರ್ಚ್, ಮಾನಸಿಕ ಚಿಕಿತ್ಸೆ, 1’ ಎಂಬ ಸಾಲನ್ನು ರಜೆಯ ಪುಸ್ತಕದ ಪಕ್ಕ ಇಟ್ಟರೆ ಮುಗಿಯಿತು. ಇದಕ್ಕೆ ಸಂಖ್ಯಾಶಾಸ್ತ್ರಜ್ಞರ ರೂಢಿ ಸರಳ: ಐದಕ್ಕಿಂತ ಕಡಿಮೆ ಇರುವ ಮನೆಯನ್ನು ತೋರಿಸದೆ ಪಕ್ಕದ ಗುಂಪಿಗೆ ಸೇರಿಸುವುದು. ಬರೀ ಅಳಿಸಿ ಒಟ್ಟು ಮೊತ್ತ ಹಾಗೇ ಬಿಟ್ಟರೆ ಕಳೆಯುವ ಲೆಕ್ಕದಲ್ಲಿ ಅದು ಮರಳಿ ಬರುತ್ತದೆ. ತಿಂಗಳ ವರದಿಗಳಲ್ಲೂ ಇದೇ ಬಲೆ: ಜೂನ್‌ವರೆಗೆ ಕ್ಯಾನ್ಸರ್ ಕ್ಲೇಮ್ 6, ಜುಲೈವರೆಗೆ 7 ಎಂದರೆ ಎರಡೂ ವರದಿ ಬಿಡಿಯಾಗಿ ನಿಯಮ ಪಾಸು, ಜೊತೆಗಿಟ್ಟರೆ ಜುಲೈನಲ್ಲಿ ಆಸ್ಪತ್ರೆ ಸೇರಿದ ಒಬ್ಬರತ್ತ ಬೆರಳು. ಹಾಗಾಗಿ ಸಣ್ಣ ಕಂಪನಿಗಳಿಗೆ ಕಾಯಿಲೆವಾರು ಪಟ್ಟಿಯನ್ನೇ ಕೈಬಿಟ್ಟು, ಪ್ರೀಮಿಯಂ ಮಾತುಕತೆಗೆ ಬೇಕಾದ ಒಟ್ಟು ಕ್ಲೇಮ್ ಮೊತ್ತವನ್ನು ವರ್ಷಕ್ಕೊಮ್ಮೆ ಕೊಡುವುದು ವಾಸಿ.