ಅಂಚಿನಿಂದ ಹೊರಗೆ ನಿಲ್ಲುವ ಚಿಹ್ನೆಗಳು

ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಯೊಂದನ್ನು ಬಿಡಿಸಿ ನೋಡಿ. ಎರಡು ಕಾಲಂಗಳು, ಎರಡೂ ಬದಿ ಸಮ ಮಾಡಿದ ಸಾಲುಗಳು. ಅಳತೆಗೋಲು ಇಟ್ಟರೆ ಅಂಚು ನೇರವೇ ಇರುತ್ತದೆ. ಆದರೂ ಕಣ್ಣಿಗೆ ಅಲ್ಲಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಯಾಕೆ?

ಸಾಲಿನ ಕೊನೆಗೆ ಹೈಫನ್ ಅಥವಾ ಪೂರ್ಣವಿರಾಮ ಬಂದಾಗ ಅಲ್ಲಿ ಮಸಿ ತೀರ ಕಡಿಮೆ, ಬಿಳಿಯೇ ಹೆಚ್ಚು. ಕಣ್ಣು ಅದನ್ನು ಖಾಲಿ ಜಾಗ ಅಂತಲೇ ಲೆಕ್ಕ ಹಾಕುತ್ತದೆ. ಕನ್ನಡದಲ್ಲಿ ಈ ತೊಂದರೆ ಜಾಸ್ತಿ, ಯಾಕೆಂದರೆ ‘ಹೇಳಿಕೊಳ್ಳಬೇಕಾಗಿತ್ತಲ್ಲವೇ’ ಎಂಬಂಥ ಶಬ್ದ ಕಿರಿದಾದ ಕಾಲಂನಲ್ಲಿ ಬಂದರೆ ಒಡೆಯಲೇಬೇಕು, ಹೈಫನ್ ಹಾಕಲೇಬೇಕು. ಇದಕ್ಕೆ ಮದ್ದು ಹಳೆಯದೇ. 1455ರ ಸುಮಾರಿಗೆ ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್‌ನಲ್ಲೇ ಹೈಫನ್‌ಗಳು ಕಾಲಂನ ಗೆರೆ ದಾಟಿ ಹೊರಗೆ ನಿಂತಿವೆ. ಚಿಹ್ನೆ ಹೊರಗೆ ಹೋದರೆ ಅಕ್ಷರಗಳೇ ಅಂಚು ಕಟ್ಟುತ್ತವೆ.

ಇನ್‌ಡಿಸೈನ್‌ನಲ್ಲಿ ಇದನ್ನು ಮಾಡುವುದು ಸುಲಭ. ಬರಹದ ಚೌಕಟ್ಟನ್ನು ಆರಿಸಿ, `Type > Story` ತೆರೆದು, `Optical Margin Alignment` ಗುರುತು ಹಾಕಬೇಕು. ಪಕ್ಕದ ಪೆಟ್ಟಿಗೆಯಲ್ಲಿ ಅಕ್ಷರದ ಗಾತ್ರ ಕೊಡಬೇಕು. ಬರಹ 11 ಪಾಯಿಂಟ್ ಇದ್ದರೆ 11. ಗುರುತು ಹಾಕಿದ್ದು ಆ ಒಂದು ಬರಹಕ್ಕೆ, ಅಂದರೆ ಒಂದಕ್ಕೊಂದು ಜೋಡಿಸಿದ ಚೌಕಟ್ಟುಗಳಿಗೆ ಮಾತ್ರ. ಸಂಚಿಕೆಯಲ್ಲಿ ಪ್ರತಿ ಲೇಖನ ಬೇರೆ ಚೌಕಟ್ಟಿನಲ್ಲಿ ಇರುವುದರಿಂದ ಹತ್ತು ಲೇಖನಕ್ಕೆ ಹತ್ತು ಸಲ ಹಾಕಬೇಕು. ಒಂದು ಬಿಟ್ಟುಹೋಯಿತೋ, ಆ ಪುಟವೊಂದೇ ಬೇರೆ ಕೈಯಲ್ಲಿ ಮಾಡಿಸಿದ ಹಾಗೆ ಕಾಣುತ್ತದೆ.

ನಿಜವಾದ ಪೆಟ್ಟು ಬೀಳುವುದು ಎರಡು ಕಾಲಂಗಳ ನಡುವಿನ ಜಾಗಕ್ಕೆ. ಅದನ್ನು ಹೆಚ್ಚಾಗಿ 12 ಪಾಯಿಂಟ್, ಅಂದರೆ ಸುಮಾರು 4.2 ಮಿ.ಮೀ. ಬಿಟ್ಟಿರುತ್ತಾರೆ. 11 ಪಾಯಿಂಟ್ ಬರಹದಲ್ಲಿ ಹೈಫನ್‌ನ ಅಗಲ ಸುಮಾರು 1.2 ಮಿ.ಮೀ., ಜೋಡಿ ಉದ್ಧರಣ ಚಿಹ್ನೆಯದು 1.6 ಎಂದಿಟ್ಟುಕೊಳ್ಳಿ. ಎಡ ಕಾಲಂನ ಹೈಫನ್ ಬಲಕ್ಕೆ, ಅದೇ ಸಾಲಿಗೆ ಬಲ ಕಾಲಂನ ಉದ್ಧರಣ ಚಿಹ್ನೆ ಎಡಕ್ಕೆ ಪೂರ್ತಿ ಚಾಚಿದರೆ ಉಳಿಯುವುದು 1.4 ಮಿ.ಮೀ. ಮಾತ್ರ! ಓದುವವರ ಕಣ್ಣು ಪಕ್ಕದ ಕಾಲಂಗೆ ಜಾರುತ್ತದೆ. ಸಾಮಾನ್ಯವಾಗಿ ಚಿಹ್ನೆ ಪೂರ್ತಿ ಹೊರಗೆ ಹೋಗುವುದಿಲ್ಲ, ಒಂದು ಭಾಗ ಹೋಗುತ್ತದೆ ಅಷ್ಟೆ. ಆದರೂ ನಡುವಿನ ಜಾಗವನ್ನು 6 ಮಿ.ಮೀ. ಮಾಡಿಕೊಳ್ಳುವುದೇ ಕ್ಷೇಮ. ಕಾಲಂ ನಡುವೆ ಗೆರೆ ಎಳೆಯುವ ಚಟ ಇದ್ದವರಂತೂ ಇದನ್ನು ಮರೆಯಬಾರದು.

ಪಕ್ಕದ ಮರಾಠಿ ಪುಟದ ಜೊತೆ ಹೋಲಿಸಿ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ದೇವನಾಗರಿಯ ಮೇಲ್ಗೆರೆ ಶಬ್ದದ ಉದ್ದಕ್ಕೂ ಹೋಗಿ ಅಂಚನ್ನು ತಾನೇ ಗುರುತಿಸುತ್ತದೆ. ನಮ್ಮ ತಲೆಕಟ್ಟು ಅಕ್ಷರ ಅಕ್ಷರಕ್ಕೂ ಬೇರೆ, ಅಕ್ಷರಗಳೂ ದುಂಡು. ಹಾಗಾಗಿ ಚಿಹ್ನೆ ಹೊರಗೆ ನಿಂತರೂ ಕನ್ನಡದ ಅಂಚು ಕತ್ತಿಯ ಹಾಗೆ ನೇರ ಕಾಣುವುದಿಲ್ಲ. ‘ಸತ್ಯ’ದ ಯ-ಒತ್ತು ಬಲಕ್ಕೆ ಬಾಲ ಚಾಚುತ್ತದೆ. ಅದನ್ನು ಕೈಯಿಂದ ತಿದ್ದಲು ಹೋಗಬೇಡಿ, ಮುಂದಿನ ತಿದ್ದುಪಡಿಗೆ ಸಾಲು ಒಡೆದಾಗ ಎಲ್ಲ ವ್ಯರ್ಥ.

ಪಟ್ಟಿ, ಕೋಷ್ಟಕಗಳಲ್ಲಿ ಇದು ಬೇಡ. ಅಲ್ಲಿ ಅಂಕೆ ಅಂಕೆಯ ಕೆಳಗೇ ನಿಲ್ಲಬೇಕು. ಅಂಥ ಪ್ಯಾರಾಗೆ `Ignore Optical Margin` ಆರಿಸಬಹುದು.

ಕೊನೆಗೆ ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಒಂದು ಪುಟ ಪ್ರಿಂಟ್ ತೆಗೆದು, ತಲೆಕೆಳಗು ಹಿಡಿದು, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಶಬ್ದ ಓದಲು ಬಾರದಾಗ ಅಂಚಿನ ಹಲ್ಲುಗಳು ತಾವಾಗಿ ಕಾಣುತ್ತವೆ.