ರೇಟಿಂಗ್ ಕೇಳುವುದಕ್ಕೂ ಒಂದು ಹೊತ್ತುಂಟು

ಬಸ್ಸು ನಿಲ್ದಾಣದಿಂದ ಹೊರಡುವ ಹೊತ್ತು. ಪ್ರಯಾಣಿಕ ಬಾಗಿಲ ಬಳಿ ನಿಂತು, ನಿರ್ವಾಹಕನಿಗೆ ಮೊಬೈಲ್‌ನಲ್ಲಿರುವ ಟಿಕೆಟ್ ತೋರಿಸಲು ಆ್ಯಪ್ ತೆರೆಯುತ್ತಾನೆ. ಟಿಕೆಟ್ಟಿನ ಬದಲು ಐದು ನಕ್ಷತ್ರಗಳ ಪೆಟ್ಟಿಗೆಯೊಂದು ತೆರೆಯ ಮೇಲೆ ಮೂಡುತ್ತದೆ: ‘ನಮ್ಮ ಆ್ಯಪ್ ಹೇಗಿದೆ?’ ಹಿಂದೆ ನಿಂತವರ ಗೊಣಗಾಟ ಕೇಳಿಸಿಕೊಳ್ಳುತ್ತ ಆತ ಒತ್ತುವುದು ಒಂದೇ ನಕ್ಷತ್ರವಾದರೆ ಅಚ್ಚರಿಯಿಲ್ಲ. ಆ್ಯಪ್‌ನಲ್ಲಿ ದೋಷವಿರಲಿಲ್ಲ, ಕೇಳಿದ ಗಳಿಗೆಯಲ್ಲಿ ದೋಷವಿತ್ತು.

ಆ್ಯಪ್ ಮಳಿಗೆಯ ಸರಾಸರಿ ಅಂಕ ನೋಡಿಯೇ ಹೊಸಬರು ಆ್ಯಪ್ ಇಳಿಸಿಕೊಳ್ಳುವುದರಿಂದ ತಯಾರಕರು ರೇಟಿಂಗ್ ಕೇಳದೆ ಇರಲಾರರು. ಕೇಳದಿದ್ದರೆ ತಾವಾಗಿಯೇ ಮಳಿಗೆಗೆ ಹೋಗಿ ಬರೆಯುವವರು ಬಹುಮಟ್ಟಿಗೆ ಸಿಟ್ಟಾದವರೇ. ಆದ್ದರಿಂದ ಯಾರನ್ನು, ಯಾವಾಗ, ಎಷ್ಟು ಸಲ ಕೇಳಬೇಕೆಂಬುದೇ ಇಲ್ಲಿನ ನಿಜವಾದ ಪ್ರಶ್ನೆ.

ಮಳಿಗೆಗಳ ಕಟ್ಟಳೆ

ಮೊದಲೆಲ್ಲ ಪ್ರತಿಯೊಂದು ಆ್ಯಪ್ ತನಗೆ ತೋಚಿದಂತೆ ಪೆಟ್ಟಿಗೆ ವಿನ್ಯಾಸಗೊಳಿಸಿ, ತೋಚಿದಷ್ಟು ಸಲ ಕೇಳುತ್ತಿತ್ತು. ಆಪಲ್ ಸಂಸ್ಥೆ 2017ರಲ್ಲಿ ಐಒಎಸ್ 10.3ರೊಂದಿಗೆ ತನ್ನದೇ ಪೆಟ್ಟಿಗೆಯನ್ನು ಒದಗಿಸಿತು. ಬಳಕೆದಾರ ಆ್ಯಪ್‌ನಿಂದ ಹೊರಹೋಗದೆಯೇ ನಕ್ಷತ್ರ ಒತ್ತಬಹುದು. ಒಂದು ಆ್ಯಪ್ 365 ದಿನಗಳಲ್ಲಿ ಹೆಚ್ಚೆಂದರೆ 3 ಸಲ ಮಾತ್ರ ಈ ಪೆಟ್ಟಿಗೆಯನ್ನು ತೋರಿಸಲು ಸಾಧ್ಯ. ಬೇಡವೆನಿಸಿದವರು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಆ್ಯಪ್‌ಗಳ ಕೋರಿಕೆಯನ್ನೂ ಒಟ್ಟಿಗೆ ನಿಲ್ಲಿಸಬಹುದು. ಸ್ವಂತ ವಿನ್ಯಾಸದ ಪೆಟ್ಟಿಗೆಗಳಿಗೆ ಆಪಲ್‌ನ ನಿಯಮದಲ್ಲಿ ಅವಕಾಶವಿಲ್ಲ.

ಗೂಗಲ್ 2020ರಲ್ಲಿ ಪ್ಲೇ ಸ್ಟೋರ್‌ಗೂ ಇಂಥದೇ ವ್ಯವಸ್ಥೆ ತಂದಿತು. ಇಲ್ಲಿಯೂ ಮಿತಿಯುಂಟು, ಆದರೆ ಅದರ ನಿಖರ ಸಂಖ್ಯೆಯನ್ನು ಗೂಗಲ್ ಬಹಿರಂಗಪಡಿಸಿಲ್ಲ.

ಎರಡೂ ಕಡೆ ಸಮಾನವಾದ ಒಂದು ಅಂಶವನ್ನು ಮರೆಯುವಂತಿಲ್ಲ. ಆ್ಯಪ್ ಮಾಡುವುದು ಕೋರಿಕೆಯನ್ನಷ್ಟೇ. ಪೆಟ್ಟಿಗೆ ತೋರಿಸುವುದೋ ಬಿಡುವುದೋ ವ್ಯವಸ್ಥೆಗೆ ಬಿಟ್ಟದ್ದು. ಪೆಟ್ಟಿಗೆ ಕಾಣಿಸಿತೇ, ಬಳಕೆದಾರ ನಕ್ಷತ್ರ ಕೊಟ್ಟನೇ ಎಂಬ ಉತ್ತರವೂ ಆ್ಯಪ್‌ಗೆ ಮರಳಿ ಬರುವುದಿಲ್ಲ. ಹೀಗಾಗಿ ‘ರೇಟಿಂಗ್ ಕೊಡಿ’ ಎಂಬ ಗುಂಡಿಗೆ ಈ ಕೋರಿಕೆಯನ್ನು ಜೋಡಿಸುವುದು ತಪ್ಪು. ಮಿತಿ ಮುಗಿದಿದ್ದರೆ ಗುಂಡಿ ಒತ್ತಿದರೂ ಏನೂ ಆಗದು. ಬಳಕೆದಾರ ಆ್ಯಪ್ ಕೆಟ್ಟಿದೆಯೆಂದೇ ತಿಳಿಯುತ್ತಾನೆ. ಗುಂಡಿ ಬೇಕೇಬೇಕೆಂದಿದ್ದರೆ ಅದು ಮಳಿಗೆಯ ಪುಟಕ್ಕೆ ಕರೆದೊಯ್ಯಬೇಕು. ಆಪಲ್‌ನಲ್ಲಿ ಆ್ಯಪ್‌ನ ವಿಳಾಸದ ಕೊನೆಗೆ `?action=write-review` ಎಂದು ಸೇರಿಸಿದರೆ ವಿಮರ್ಶೆ ಬರೆಯುವ ಪುಟವೇ ತೆರೆದುಕೊಳ್ಳುತ್ತದೆ.

ಯಾವ ಗಳಿಗೆ ಸೂಕ್ತ?

ಕೆಲಸವೊಂದು ಪೂರ್ಣಗೊಂಡು, ಮುಂದಿನ ಕೆಲಸ ಇನ್ನೂ ಆರಂಭವಾಗದ ನಡುವಿನ ಬಿಡುವೇ ಕೇಳಲು ಸೂಕ್ತ ಕಾಲ. ಆದರೆ ಕೆಲಸ ಎಲ್ಲಿ ಪೂರ್ಣಗೊಳ್ಳುತ್ತದೆ ಎಂಬುದನ್ನು ತಯಾರಕರು ಆಗಾಗ ತಪ್ಪಾಗಿ ಗ್ರಹಿಸುತ್ತಾರೆ. ಬಸ್ ಟಿಕೆಟ್ ಕಾಯ್ದಿರಿಸುವ ಆ್ಯಪ್ ಒಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಣ ಪಾವತಿಯಾದ ಕೂಡಲೇ ಕೇಳುವುದು ತಯಾರಕರ ದೃಷ್ಟಿಯಲ್ಲಿ ಸಹಜ. ಅವರ ಪಾಲಿಗೆ ವ್ಯವಹಾರ ಮುಗಿದಿದೆ. ಪ್ರಯಾಣಿಕನಿಗಾದರೋ ಆಸನ ಖಚಿತವಾಯಿತೇ, ಸಂದೇಶ ಬಂತೇ ಎಂಬ ಆತಂಕ ಇನ್ನೂ ಉಳಿದಿರುತ್ತದೆ. ಆತನ ಕೆಲಸ ಮುಗಿಯುವುದು ಊರು ತಲುಪಿದ ಮೇಲೆಯೇ. ಆದ್ದರಿಂದ ಪ್ರಯಾಣದ ಮರುದಿನವೋ ಅನಂತರವೋ ಆತ ಆ್ಯಪ್‌ನಲ್ಲಿ ಹಿಂದಿನ ಪ್ರಯಾಣಗಳ ಪುಟ ನೋಡಿ, ಒಂದೆರಡು ಕ್ಷಣ ಬೇರೇನೂ ಒತ್ತದೆ ಇದ್ದಾಗ ಕೇಳುವುದು ಲೇಸು. ಆ್ಯಪ್ ತೆರೆದೊಡನೆ ಕೇಳಲೇಬಾರದು. ಯಾವುದೋ ಉದ್ದೇಶವಿಟ್ಟುಕೊಂಡೇ ಜನ ಅದನ್ನು ತೆರೆದಿರುತ್ತಾರೆ.

ಒಬ್ಬ ಪ್ರಯಾಣಿಕನ ಲೆಕ್ಕ

ಈ ಆ್ಯಪ್‌ನ ತಯಾರಕರು ಮೂರು ಷರತ್ತುಗಳನ್ನು ಇಟ್ಟುಕೊಂಡಿದ್ದಾರೆ ಎಂದಿರಲಿ. ಕನಿಷ್ಠ 3 ಪ್ರಯಾಣ ಪೂರ್ಣಗೊಂಡಿರಬೇಕು. ಕಳೆದ 30 ದಿನಗಳಲ್ಲಿ ಟಿಕೆಟ್ ರದ್ದತಿಯಾಗಲಿ, ಹಣ ವಾಪಸಾತಿಯಾಗಲಿ, ದೂರಾಗಲಿ ಇರಬಾರದು. ಹಿಂದಿನ ಕೋರಿಕೆಯಿಂದ 125 ದಿನ ಕಳೆದಿರಬೇಕು.

ಜನವರಿ 1ರಂದು ಆ್ಯಪ್ ಇಳಿಸಿಕೊಂಡವರೊಬ್ಬರು ಜನವರಿ 10 ಹಾಗೂ ಫೆಬ್ರವರಿ 2ರಂದು ಪ್ರಯಾಣಿಸುತ್ತಾರೆ. ಫೆಬ್ರವರಿ 20ರ ಬಸ್ಸು ರದ್ದಾಗಿ, 26ರಂದು ಹಣ ಮರಳುತ್ತದೆ. ಮಾರ್ಚ್ 5ಕ್ಕೆ ಮೂರನೆಯ ಪ್ರಯಾಣ ಮುಗಿದರೂ ಆ್ಯಪ್ ಆಗ ಸುಮ್ಮನಿರಬೇಕು, ಏಕೆಂದರೆ ಹಣಕ್ಕಾಗಿ ಕಾದ ಕಹಿ ಇನ್ನೂ ಹಸಿಯಾಗಿದೆ. ಮಾರ್ಚ್ ತಿಂಗಳ ಕೊನೆಗೆ ಆ ಅಡ್ಡಿ ನಿವಾರಣೆಯಾಗುತ್ತದೆ. ಏಪ್ರಿಲ್ 2ರ ಪ್ರಯಾಣ ಸುಸೂತ್ರವಾಗಿ ಮುಗಿದು, 3ರಂದು ಅವರು ಹಿಂದಿನ ಪ್ರಯಾಣಗಳ ಪುಟ ತೆರೆದಾಗ ಕೋರಿಕೆ ಹೋಗುತ್ತದೆ. ಅವರು ಪೆಟ್ಟಿಗೆ ಮುಚ್ಚಿದರೂ ಸರಿ, ಆಗಸ್ಟ್ 6ರವರೆಗೆ ಮತ್ತೆ ಕೇಳುವಂತಿಲ್ಲ.

125 ದಿನಗಳೇ ಏಕೆ? ನಾಲ್ಕು ತಿಂಗಳೆಂದು 120 ದಿನ ಇಟ್ಟುಕೊಂಡರೆ ಕೋರಿಕೆಗಳು 0, 120, 240, 360ನೇ ದಿನಗಳಿಗೆ ಬೀಳುತ್ತವೆ. ನಾಲ್ಕನೆಯದು 365 ದಿನಗಳ ಒಳಗೇ ಬರುವುದರಿಂದ ಆಪಲ್‌ನ ವ್ಯವಸ್ಥೆ ಅದನ್ನು ತಡೆಯುತ್ತದೆ. ಸರಿಯಾದ ಗಳಿಗೆಗಾಗಿ ಕಾದಿದ್ದೂ ವ್ಯರ್ಥ. ಅಂತರ 122 ದಿನಗಳಿಗಿಂತ ಕಡಿಮೆಯಾಗಬಾರದು. ಉಳಿದ ಸಂಖ್ಯೆಗಳು ಆಯಾ ಆ್ಯಪ್‌ನ ಸ್ವಭಾವವನ್ನು ಅವಲಂಬಿಸಿವೆ. ವರ್ಷಕ್ಕೆ ಎರಡೇ ಸಲ ಬಳಸುವ ಆ್ಯಪ್‌ಗೆ 3 ಪ್ರಯಾಣವೆಂಬುದು ಅತಿ ಹೆಚ್ಚಾದೀತು.

ಜಾಣತನದ ಬಲೆ

ಕೆಲವರು ಮೊದಲು ‘ಆ್ಯಪ್ ಇಷ್ಟವಾಯಿತೇ?’ ಎಂದು ಕೇಳಿ, ಹೌದೆಂದವರನ್ನು ಮಾತ್ರ ಮಳಿಗೆಗೆ ಕಳುಹಿಸಿ, ಇಲ್ಲವೆಂದವರನ್ನು ದೂರಿನ ಪುಟಕ್ಕೆ ತಿರುಗಿಸುತ್ತಾರೆ. ಗೂಗಲ್‌ನ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಬೇಡವೆನ್ನುತ್ತದೆ. ಪೆಟ್ಟಿಗೆಗೆ ಮುನ್ನ ಅಭಿಪ್ರಾಯ ಕೇಳುವುದಾಗಲಿ, ಐದು ನಕ್ಷತ್ರ ಕೊಡುವಿರಾ ಎಂದು ವಿಚಾರಿಸುವುದಾಗಲಿ ಸಲ್ಲದು. ನಿಯಮದ ಮಾತು ಹಾಗಿರಲಿ, ಬಳಕೆದಾರನಿಗೂ ಇದರಿಂದ ಒಂದರ ಬದಲು ಎರಡು ಅಡ್ಡಿ. ದೂರು ಹೇಳುವ ದಾರಿ ಬೇಕೆಂಬುದು ನಿಜ. ಅದು ರೇಟಿಂಗ್‌ಗೆ ಅಂಟಿಕೊಳ್ಳದೆ ಸಹಾಯದ ಪುಟದಲ್ಲಿ ಸದಾ ತೆರೆದಿರಬೇಕು. ಹಿಂದೆ ಹೇಳಿದ 30 ದಿನಗಳ ಷರತ್ತು ಇದಕ್ಕಿಂತ ಭಿನ್ನ. ಅದು ಯಾರ ಅಭಿಪ್ರಾಯವನ್ನೂ ಸೋಸುವುದಿಲ್ಲ, ತೊಂದರೆಯಲ್ಲಿರುವವರನ್ನು ಕೆಲಕಾಲ ಕೆಣಕದೆ ಬಿಡುತ್ತದೆ. ಮಳಿಗೆಯ ಪುಟ ಅವರಿಗೂ ತೆರೆದೇ ಇರುತ್ತದೆ.

ಪರೀಕ್ಷೆ ಹೇಗೆ?

ಆಪಲ್‌ನಲ್ಲಿ ತಯಾರಿಕೆಯ ಹಂತದ ಆ್ಯಪ್ ಕೋರಿದಾಗಲೆಲ್ಲ ಪೆಟ್ಟಿಗೆ ತೋರಿಸುತ್ತದೆ, ಟೆಸ್ಟ್‌ಫ್ಲೈಟ್‌ನಲ್ಲಿ ತೋರಿಸುವುದೇ ಇಲ್ಲ. ಎರಡನ್ನೂ ನಿಜವೆಂದು ನಂಬಿದರೆ ಮೋಸಹೋದಂತೆಯೇ. ಪರೀಕ್ಷಿಸಬೇಕಾದುದು ಷರತ್ತುಗಳನ್ನು, ಪೆಟ್ಟಿಗೆಯನ್ನಲ್ಲ. ಕೋರಿಕೆ ಕಳುಹಿಸಿದ ದಿನಾಂಕ, ಪುಟ ಹಾಗೂ ಆ್ಯಪ್‌ನ ಆವೃತ್ತಿಯನ್ನು ದಾಖಲಿಸಿಕೊಂಡರೆ ಷರತ್ತು ಸರಿಯಾಗಿ ನಡೆಯುತ್ತಿದೆಯೇ ಎಂಬುದು ತಿಳಿಯುತ್ತದೆ.

ಕಿರಿಕಿರಿಯನ್ನು ಅಳೆಯಲು ಬಳಕೆದಾರರಲ್ಲಿ ಹತ್ತರಲ್ಲೊಂದು ಪಾಲನ್ನು ಏನೂ ಕೇಳದೆ ಬಿಟ್ಟು ಹೋಲಿಸಿ ನೋಡಬಹುದು. ಅದೇ ಪುಟದಿಂದ ಅರ್ಧ ನಿಮಿಷದೊಳಗೆ ಆ್ಯಪ್ ಮುಚ್ಚಿದವರು ಕೇಳಿಸಿಕೊಂಡ ಗುಂಪಿನಲ್ಲಿ ಗಮನಾರ್ಹವಾಗಿ ಹೆಚ್ಚಿದ್ದರೆ ಗಳಿಗೆ ತಪ್ಪಿದೆ ಎಂದರ್ಥ. ಒಂದು ನಕ್ಷತ್ರದ ವಿಮರ್ಶೆಗಳಲ್ಲಿ ‘ಪದೇ ಪದೇ ಕೇಳುತ್ತದೆ’ ಎಂಬ ಮಾತು ಕಾಣತೊಡಗಿದರಂತೂ ಬೇರೆ ಅಳತೆ ಬೇಕಿಲ್ಲ. ಕೋರಿಕೆಯನ್ನು ತಕ್ಷಣ ನಿಲ್ಲಿಸಿ, ಯಾವ ಪುಟದಿಂದ ಅದು ಹೋಗುತ್ತಿದೆಯೆಂದು ದಾಖಲೆ ತೆರೆದು ನೋಡುವುದೇ ಮುಂದಿನ ಕೆಲಸ.