ಪಾಸ್‌ಬುಕ್‌ನಲ್ಲಿ ಕಾಣದ 1,250 ರೂಪಾಯಿ

ಇನ್‌ಕ್ರಿಮೆಂಟ್ ಆದ ತಿಂಗಳು ಪೇಸ್ಲಿಪ್ ಜೊತೆ ಒಂದು ವಿವರಣೆಯ ಪುಟ ಇಡದಿದ್ದರೆ, ಅಕೌಂಟ್ಸ್ ವಿಭಾಗದ ಮುಂದೆ ಜನ ಸೇರುವುದು ಖಂಡಿತ. ಬೆಂಗಳೂರಿನ ಕಾರ್ಖಾನೆಯ ಒಬ್ಬ ನೌಕರನ ಲೆಕ್ಕವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 2025ರ ಜುಲೈನಲ್ಲಿ ಅವನ ಸಂಬಳ 20,500ರಿಂದ 22,000 ರೂಪಾಯಿಗೆ ಏರಿತು. ಅದರಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 7,000. ಪಿಎಫ್‌ಗೆ 1,800, ಇಎಸ್‌ಐಗೆ 165 ಹಿಡಿದು ಕೈಗೆ ಬಂದದ್ದು 20,035.

ತಪ್ಪು ಕಲ್ಪನೆ: ‘ಕಂಪನಿ ನನ್ನಷ್ಟೇ ಪಿಎಫ್ ಕಟ್ಟಬೇಕಿತ್ತು. ಪಾಸ್‌ಬುಕ್‌ನಲ್ಲಿ ಕಂಪನಿಯ ಪಾಲು ಬರೀ 550 ಇದೆ, ಮಿಕ್ಕಿದ್ದನ್ನು ನುಂಗಿದ್ದಾರೆ.’

ಸತ್ಯ: ಕಂಪನಿಯೂ 1,800 ಕಟ್ಟಿದೆ. ಇಬ್ಬರ ಪಾಲೂ ಶೇ. 12, ಮನೆ ಬಾಡಿಗೆ ಭತ್ಯೆ ಬಿಟ್ಟು, ಬೇಸಿಕ್ ಮತ್ತು ತುಟ್ಟಿಭತ್ಯೆಯ ಮೇಲೆ ಮಾತ್ರ ಈ ಲೆಕ್ಕ. ಆದರೆ ನೌಕರನ ಪಾಲು ಪೂರ್ತಿ ಪಿಎಫ್‌ಗೆ ಹೋದರೆ, ಕಂಪನಿಯ ಪಾಲಿನಲ್ಲಿ ಶೇ. 8.33, ಅಂದರೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಪಾಸ್‌ಬುಕ್‌ನಲ್ಲಿ ಅದಕ್ಕೆ ಬೇರೆ ಕಾಲಂ ಇದೆ. ಆ ಕಾಲಂ ಮೇಲೆ ಬಡ್ಡಿ ಸೇರುವುದಿಲ್ಲ. ಹಾಗಾಗಿ ವರ್ಷದ ಕೊನೆಯಲ್ಲೂ ಇದೇ ಅನುಮಾನ ಮತ್ತೆ ಏಳುತ್ತದೆ.

ತಪ್ಪು ಕಲ್ಪನೆ: ‘ಸಂಬಳ 21,000 ದಾಟಿತು, ಇನ್ನು ಇಎಸ್‌ಐ ಹಿಡಿಯುವಂತಿಲ್ಲ.’

ಸತ್ಯ: 21,000ದ ಮಿತಿ ನಿಜ, ಆದರೆ ಅದು ದಾಟಿದ ದಿನವೇ ಕಡಿತ ನಿಲ್ಲುವುದಿಲ್ಲ. ಇಎಸ್‌ಐ ವರ್ಷವನ್ನು ಎರಡು ಭಾಗ ಮಾಡಿಕೊಂಡಿದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವ ತನಕ, ಹೊಸ ಸಂಬಳದ ಮೇಲೆಯೇ, ಶೇ. 0.75 ಹಿಡಿಯಬೇಕು. ಆ ಜುಲೈನ ನಿಯಮದಂತೆ ಇಲ್ಲಿ ಮನೆ ಬಾಡಿಗೆ ಭತ್ಯೆಯೂ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ ನಮ್ಮ ನೌಕರನಿಗೆ ಸೆಪ್ಟೆಂಬರ್‌ವರೆಗೆ 165, ಅಕ್ಟೋಬರ್‌ನಿಂದ ಸೊನ್ನೆ. ಇದು ವ್ಯರ್ಥವಾಗುವ ದುಡ್ಡಲ್ಲ: ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದಕ್ಕೆ ಸೌಲಭ್ಯದ ಅವಧಿ ಮುಂದಿನ ಜನವರಿಯಿಂದ ಜೂನ್.

ವೃತ್ತಿ ತೆರಿಗೆಯನ್ನು ಆದಾಯ ತೆರಿಗೆಯ ತುಂಡು ಎಂದುಕೊಳ್ಳುವವರಿದ್ದಾರೆ. ಅಲ್ಲ, ಇದು ರಾಜ್ಯ ಸರ್ಕಾರಕ್ಕೆ ಸೇರುವುದು. ಕರ್ನಾಟಕದಲ್ಲಿ ಸಂಬಳ 25,000 ಮುಟ್ಟಿದರೆ ತಿಂಗಳಿಗೆ 200, ಫೆಬ್ರವರಿಯಲ್ಲಿ 300. ನಮ್ಮ ನೌಕರನ ಸ್ಲಿಪ್‌ನಲ್ಲಿ ಆ ಸಾಲು ಖಾಲಿ. 24,900ರಲ್ಲಿದ್ದವರಿಗೆ ನೂರು ರೂಪಾಯಿ ಏರಿಸಿದರೆ ಮಾತ್ರ ಕೈಗೆ ಬರುವುದು ಮೊದಲಿಗಿಂತ ಕಡಿಮೆ. ಅವರ ಸಿಟ್ಟು ನ್ಯಾಯವಾದದ್ದೇ.

ಕೊನೆಯದು, ನಿಜಕ್ಕೂ ಅಪಾಯಕಾರಿಯಾದ ತಪ್ಪು ಕಲ್ಪನೆ: ‘ಸ್ಲಿಪ್‌ನಲ್ಲಿ ಹಿಡಿದಿದ್ದಾರೆ, ಅಂದಮೇಲೆ ಕಟ್ಟಿಯೇ ಇರುತ್ತಾರೆ.’ ಹಿಡಿದದ್ದಕ್ಕೆ ಮಾತ್ರ ಸ್ಲಿಪ್ ಸಾಕ್ಷಿ. ಪಿಎಫ್ ಮತ್ತು ಇಎಸ್‌ಐ ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದಾಗಿ ಕೆಲವು ದಿನ ಬಿಟ್ಟು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು 1,800, 550, 1,250 ಮೂರೂ ಕೂತಿವೆಯೇ ನೋಡಿ. ಒಂದು ತಿಂಗಳು ಖಾಲಿ ಇದ್ದರೆ ಅಕೌಂಟ್ಸ್‌ನಲ್ಲಿ ಚಲನ್ ಕೇಳಿ. ಅದೂ ಸಿಗದಿದ್ದರೆ ಪೇಸ್ಲಿಪ್ ಪ್ರತಿ ಲಗತ್ತಿಸಿ ಪಿಎಫ್ ಕಚೇರಿಗೆ ದೂರು ಕೊಡಬಹುದು.